ಜಂಟಿ ಹೆಸರಿನ ಮನೆ: ಒಬ್ಬರು ಹೋದ ಮೇಲೆ ಅದು ಯಾರದ್ದು?

ನನ್ನ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರು ಒಂದು ಮಾತು ಹೇಳುತ್ತಾರೆ. "ಮೇಡಂ, ನಮಗೇನೂ ತೊಂದರೆ ಇಲ್ಲ, ಮನೆ ಇಬ್ಬರ ಹೆಸರಲ್ಲೂ ಇದೆ. ಅವರು ಹೋದರೆ ನನಗೆ, ನಾನು ಹೋದರೆ ಅವರಿಗೆ." ಈ ನಂಬಿಕೆ ಎಷ್ಟು ಗಟ್ಟಿ ಎಂದರೆ, ವಿಲ್ ಬರೆದಿದ್ದೀರಾ ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಜಂಟಿ ಹೆಸರಿರುವಾಗ ವಿಲ್ ಯಾಕೆ ಎನ್ನುವುದು ಅವರ ಪ್ರಶ್ನೆ. ಇವತ್ತಿನ ಮಾತೆಲ್ಲ ಈ ಪ್ರಶ್ನೆಗೆ ಉತ್ತರವೇ. ನಾನು ಹೇಳುವ ಉದಾಹರಣೆಗಳು ಹಿಂದೂ ಉತ್ತರಾಧಿಕಾರ ಕಾಯ್ದೆಯವು. ಅದು ಜೈನ, ಬೌದ್ಧ, ಸಿಖ್ಖರಿಗೂ ಅನ್ವಯಿಸುತ್ತದೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಪಾಲಿನ ಲೆಕ್ಕ ಬೇರೆ. ಆದರೆ ಜಂಟಿ ಹೆಸರಿದ್ದ ಮಾತ್ರಕ್ಕೆ ಪೂರ್ತಿ ಮನೆ ಬರುವುದಿಲ್ಲ ಎನ್ನುವುದು ಅವರಿಗೂ ಅಷ್ಟೇ ನಿಜ.

ಮೊದಲು ಕ್ರಯಪತ್ರದಲ್ಲಿ ಏನಾಗಿದೆ ನೋಡೋಣ. ಗಂಡ-ಹೆಂಡತಿ ಇಬ್ಬರೂ ಖರೀದಿದಾರರು ಅಂತ ಬರೆದಿರುತ್ತದೆ. ಯಾರ ಪಾಲು ಎಷ್ಟು ಅಂತ ಸಾಮಾನ್ಯವಾಗಿ ಬರೆದಿರುವುದಿಲ್ಲ. ಆಗ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಂ ಕೆಲಸ ಮಾಡುತ್ತದೆ. ಯಾರು ಎಷ್ಟು ದುಡ್ಡು ಹಾಕಿದರೋ ಅವರಿಗೆ ಅಷ್ಟು ಪಾಲು. ಅದಕ್ಕೆ ದಾಖಲೆ ಇಲ್ಲದಿದ್ದರೆ ಇಬ್ಬರದ್ದೂ ಸಮಪಾಲು ಅಂತ ಕಾನೂನು ಊಹಿಸುತ್ತದೆ. ಅಂದರೆ ಮನೆ ಒಂದೇ ಆದರೂ ಅದರಲ್ಲಿ ಎರಡು ಪ್ರತ್ಯೇಕ ಪಾಲುಗಳಿವೆ. ಗಂಡನ ಪಾಲು ಗಂಡನದ್ದು, ಹೆಂಡತಿಯದ್ದು ಹೆಂಡತಿಯದ್ದು. ಒಬ್ಬರು ತೀರಿಕೊಂಡರೆ ಅವರ ಪಾಲು ಪಕ್ಕದಲ್ಲಿರುವವರ ಕಡೆ ತಾನಾಗೇ ಸರಿಯುವುದಿಲ್ಲ. ಅದು ತೀರಿಕೊಂಡವರ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ ಆ ವಾರಸುದಾರರಲ್ಲಿ ಒಬ್ಬರು, ಅಷ್ಟೇ.

ಹಾಗಾದರೆ ಈ "ಉಳಿದವರಿಗೆ ಪೂರ್ತಿ" ಎನ್ನುವ ನಂಬಿಕೆ ಎಲ್ಲಿಂದ ಬಂತು? ನನಗೆ ತೋರುವಂತೆ ಎರಡು ಕಡೆಯಿಂದ. ಒಂದು ಬ್ಯಾಂಕು. ಜಂಟಿ ಖಾತೆ ತೆಗೆಯುವಾಗ 'ಐದರ್ ಆರ್ ಸರ್ವೈವರ್' ಅಂತ ಟಿಕ್ ಮಾಡಿರುತ್ತೇವೆ. ಒಬ್ಬರು ಹೋದ ಮೇಲೆ ಬ್ಯಾಂಕು ಇನ್ನೊಬ್ಬರಿಗೆ ದುಡ್ಡು ಕೊಡುತ್ತದೆ. ಮನೆಗೂ ಹಾಗೇ ಅಂತ ಅಂದುಕೊಳ್ಳುತ್ತೇವೆ. ಆದರೆ ಬ್ಯಾಂಕಿನಲ್ಲೂ ಅದು ದುಡ್ಡು ಯಾರ ಕೈಗೆ ಕೊಡಬೇಕು ಎನ್ನುವ ಸೂಚನೆ ಮಾತ್ರ. ಬ್ಯಾಂಕು ತನ್ನ ತಲೆಯ ಮೇಲಿನ ಭಾರ ಇಳಿಸಿಕೊಳ್ಳುತ್ತದೆ. ಒಳಗೊಳಗೆ ಆ ದುಡ್ಡಿನಲ್ಲಿ ಬೇರೆ ವಾರಸುದಾರರಿಗೆ ಪಾಲಿದ್ದರೆ ಆ ಪಾಲು ಹಾಗೇ ಉಳಿದಿರುತ್ತದೆ. ನಾಮಿನಿ ವಿಷಯವೂ ಇದೇ. ನಾಮಿನಿಗೆ ದುಡ್ಡು ಪಡೆಯುವ ಹಕ್ಕಿದೆ, ಅಷ್ಟರಿಂದ ಅವರು ಮಾಲೀಕರಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಕಂಪನಿ ಷೇರುಗಳ ಬಗ್ಗೆ 2023ರ ಡಿಸೆಂಬರಿನಲ್ಲಿ ಬಂದ ತೀರ್ಪಿನಲ್ಲೂ ಅದನ್ನೇ ಹೇಳಿತು.

ಇನ್ನೊಂದು, ಹೊರದೇಶ. ನಿಮ್ಮಲ್ಲಿ ಹಲವರ ಮಕ್ಕಳು ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸ್‌ನಲ್ಲೋ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಗಂಡ-ಹೆಂಡತಿ 'ಜಾಯಿಂಟ್ ಟೆನೆನ್ಸಿ' ಅಂತ ಮನೆ ತೆಗೆದುಕೊಂಡರೆ, ಒಬ್ಬರು ತೀರಿಕೊಂಡ ಕ್ಷಣವೇ ಪೂರ್ತಿ ಮನೆ ಇನ್ನೊಬ್ಬರದ್ದು. ಮರಣ ಪ್ರಮಾಣಪತ್ರ ಲಗತ್ತಿಸಿ ಒಂದು ಅಫಿಡವಿಟ್ ಅನ್ನು ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ದಾಖಲು ಮಾಡಿದರೆ ಸಾಕು. ಅಲ್ಲಿನ ಮಕ್ಕಳು ಫೋನಿನಲ್ಲಿ "ಅಪ್ಪಾ, ಸರ್ವೈವರ್‌ಶಿಪ್ ಇರುತ್ತೆ, ಚಿಂತೆ ಮಾಡಬೇಡಿ" ಅಂತಾರೆ. ಅಲ್ಲಿಗೆ ಅದು ಸರಿ. ಆದರೆ ಸ್ಥಿರಾಸ್ತಿಗೆ ಅದು ಇರುವ ನೆಲದ ಕಾನೂನೇ ಅನ್ವಯಿಸುವುದು. ಜೆ.ಪಿ. ನಗರದ ಫ್ಲ್ಯಾಟಿಗೆ ಕ್ಯಾಲಿಫೋರ್ನಿಯಾದ ಕಾನೂನು ನಡೆಯುವುದಿಲ್ಲ, ಮಾಲೀಕರು ಅಮೆರಿಕದ ಪ್ರಜೆಗಳಾಗಿದ್ದರೂ.

ಇಲ್ಲಿ ಒಂದು ಸಣ್ಣ ಹಳೆಯ ಕಥೆ ಹೇಳಬೇಕು. ನಮ್ಮ ಕಾನೂನಿಗೆ ಸರ್ವೈವರ್‌ಶಿಪ್ ಗೊತ್ತೇ ಇರಲಿಲ್ಲ ಅಂತಲ್ಲ. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಅದು ಇತ್ತು. ಅಣ್ಣ ತೀರಿಕೊಂಡರೆ ಅವನ ಪಾಲು ಉಳಿದ ಗಂಡಸರಿಗೆ ಸೇರುತ್ತಿತ್ತು, ವಿಧವೆಗೆ ಊಟ-ಬಟ್ಟೆ. ಅದರ ಹೊರಗೆ ಇಂಥ ಜಂಟಿ ಒಡೆತನ ಹಿಂದೂ ಕಾನೂನಿಗೆ ಗೊತ್ತಿಲ್ಲ ಅಂತ ಬ್ರಿಟಿಷರ ಕಾಲದ ಅತಿ ದೊಡ್ಡ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ 1896ರಲ್ಲೇ ಹೇಳಿತು. ತಾಯಿ-ಮಗ ಇಬ್ಬರಿಗೂ ಸೇರಿಸಿ ಕೊಟ್ಟ ಆಸ್ತಿಯಲ್ಲಿ ಅವರಿಗೆ ಅರ್ಧರ್ಧ ಪ್ರತ್ಯೇಕ ಪಾಲು ಅಂತ ಆಗ ತೀರ್ಮಾನವಾಯಿತು. ಆಮೇಲೆ 2005ರ ತಿದ್ದುಪಡಿಯಲ್ಲಿ ಪಿತ್ರಾರ್ಜಿತದಲ್ಲಿದ್ದ ಸರ್ವೈವರ್‌ಶಿಪ್ಪನ್ನೂ ಕೈಬಿಟ್ಟರು. ಮಜಾ ನೋಡಿ, ಆ ವ್ಯವಸ್ಥೆ ಇದ್ದ ಕಾಲದಲ್ಲೂ ಹೆಂಡತಿ ಅದರೊಳಗೆ ಇರಲೇ ಇಲ್ಲ. ಗಂಡನ ಮನೆಯ ಪಿತ್ರಾರ್ಜಿತದಲ್ಲಿ ಅವಳು ಯಾವತ್ತೂ ಸಹದಾಯಾದಿ ಅಲ್ಲ.

ಕೆಲವರು ಬುದ್ಧಿವಂತರು ಕೇಳುತ್ತಾರೆ: "ಕ್ರಯಪತ್ರದಲ್ಲೇ, ಒಬ್ಬರ ನಂತರ ಇನ್ನೊಬ್ಬರಿಗೆ ಪೂರ್ತಿ ಸೇರತಕ್ಕದ್ದು ಅಂತ ಬರೆಸಿಬಿಟ್ಟರೆ?" ಬರೆಸಿದವರೂ ಇದ್ದಾರೆ. ಆದರೆ ಮುಂದೆ ಮನೆ ಮಾರುವಾಗ ಕೊಳ್ಳುವವರ ಬ್ಯಾಂಕಿನ ವಕೀಲರು ಆ ಒಂದು ಸಾಲನ್ನು ನಂಬಿ ಸಾಲ ಮಂಜೂರು ಮಾಡಿಸುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. "ಎಲ್ಲ ವಾರಸುದಾರರ ಸಹಿ ತನ್ನಿ" ಎನ್ನುವುದು ಅವರಿಗೆ ಸುಲಭದ ದಾರಿ. ನಾಲ್ಕು ಪುಟದ ವಿಲ್ಲಿನಲ್ಲಿ ಆಗುವ ಕೆಲಸಕ್ಕೆ ಇಷ್ಟು ಕಷ್ಟ ಯಾಕೆ?

ಈಗ ಲೆಕ್ಕಕ್ಕೆ ಬರೋಣ. ಇದು ನಾನೇ ಕಟ್ಟಿದ ಉದಾಹರಣೆ, ಆದರೆ ಇಂಥದ್ದು ದಿನಾ ಬರುತ್ತದೆ. ನಾಗರಾಜ, ಸುಧಾ ಗಂಡ-ಹೆಂಡತಿ. ಇಬ್ಬರೂ ದುಡಿದು, ಸಾಲ ತೀರಿಸಿ ತೆಗೆದುಕೊಂಡ ಫ್ಲ್ಯಾಟು. ಇವತ್ತಿನ ಬೆಲೆ 96 ಲಕ್ಷ ಅಂತ ಇಟ್ಟುಕೊಳ್ಳಿ. ಒಬ್ಬ ಮಗ, ಒಬ್ಬಳು ಮಗಳು. ನಾಗರಾಜನ ಅಪ್ಪ ಇಲ್ಲ, ತಾಯಿ ಇದ್ದಾರೆ, ಹಾಸನದಲ್ಲಿ ಚಿಕ್ಕ ಮಗನ ಮನೆಯಲ್ಲಿ. ನಾಗರಾಜನಿಗೆ ಒಬ್ಬ ತಮ್ಮ, ಒಬ್ಬಳು ತಂಗಿ. ವಿಲ್ ಇಲ್ಲ. ನಾಗರಾಜ ತೀರಿಕೊಂಡ.

ಅವನ ಅರ್ಧ ಪಾಲು, ಅಂದರೆ 48 ಲಕ್ಷ, ಮೊದಲ ದರ್ಜೆಯ ವಾರಸುದಾರರಿಗೆ ಸಮನಾಗಿ ಹೋಗುತ್ತದೆ. ಹೆಂಡತಿ, ಮಗ, ಮಗಳು, ಮತ್ತು ತಾಯಿ. ಹೌದು, ತಾಯಿಯೂ. ಇದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ತಂದೆ ಮೊದಲ ದರ್ಜೆಯಲ್ಲಿ ಇಲ್ಲ, ತಾಯಿ ಇದ್ದಾರೆ. ನಾಲ್ಕು ಪಾಲು, ತಲಾ 12 ಲಕ್ಷ. ಸುಧಾಗೆ ತನ್ನ 48ಕ್ಕೆ 12 ಸೇರಿ 60 ಲಕ್ಷದ ಪಾಲಾಯಿತು. 96 ಅಲ್ಲ.

ಅತ್ತೆ ಒಳ್ಳೆಯವರು, ಯಾರೂ ಏನೂ ಕೇಳಲಿಲ್ಲ. ಸುಧಾ ಅದೇ ಮನೆಯಲ್ಲಿದ್ದರು. ತೆರಿಗೆ ಕಟ್ಟಿದರು, ಖಾತೆಯನ್ನು ತಮ್ಮ ಮತ್ತು ಮಕ್ಕಳ ಹೆಸರಿಗೆ ಮಾಡಿಸಿಕೊಂಡರು. ಎಲ್ಲ ಮುಗಿಯಿತು ಅಂತ ಅಂದುಕೊಂಡರು. ಕೆಲವು ವರ್ಷದ ನಂತರ ಅತ್ತೆ ತೀರಿಕೊಂಡರು. ಅವರೂ ವಿಲ್ ಬರೆದಿರಲಿಲ್ಲ. ಈಗ ಅತ್ತೆಯ 12 ಲಕ್ಷದ ಪಾಲು ಎಲ್ಲಿಗೆ ಹೋಗಬೇಕು? ಹೆಂಗಸಿನ ಆಸ್ತಿ ಮೊದಲು ಅವಳ ಗಂಡ-ಮಕ್ಕಳಿಗೆ. ಗಂಡ ಇಲ್ಲ. ಮಕ್ಕಳಲ್ಲಿ ತಮ್ಮನಿಗೆ 4 ಲಕ್ಷ, ತಂಗಿಗೆ 4 ಲಕ್ಷ. ತೀರಿಕೊಂಡ ನಾಗರಾಜನ ಲೆಕ್ಕದ 4 ಲಕ್ಷ ಅವನ ಇಬ್ಬರು ಮಕ್ಕಳಿಗೆ, ತಲಾ 2. ಸೊಸೆ ಸುಧಾಗೆ ಇದರಲ್ಲಿ ಏನೂ ಇಲ್ಲ. ಹೀಗೆ, ಸುಧಾ ಅರ್ಧ ಸಾಲ ಕಟ್ಟಿದ ಮನೆಯಲ್ಲಿ ಈಗ ಮೈದುನ, ನಾದಿನಿ ಇಬ್ಬರೂ ಪಾಲುದಾರರು. ಅವರಿಗೇ ಅದು ಗೊತ್ತಿಲ್ಲದೆಯೂ ಇರಬಹುದು.

ಗೊತ್ತಾಗುವುದು ಮಾರುವ ದಿನ. ಕೊಳ್ಳುವವರ ವಕೀಲರು ಋಣಭಾರ ಪತ್ರ ತೆಗೆಸುತ್ತಾರೆ, ಕ್ರಯಪತ್ರ ನೋಡುತ್ತಾರೆ, ನಾಗರಾಜನ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಕೇಳುತ್ತಾರೆ. ವಂಶವೃಕ್ಷದಲ್ಲಿ ತಾಯಿಯ ಹೆಸರಿದೆಯಾ, ನಾಗರಾಜ ತೀರಿಕೊಂಡಾಗ ತಾಯಿ ಬದುಕಿದ್ದರಾ, ಇದೇ ಅವರ ಮೊದಲ ಪ್ರಶ್ನೆ. ಬದುಕಿದ್ದರು ಅಂತಾದರೆ ಮೈದುನ-ನಾದಿನಿ ಇಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ, ಹೆಬ್ಬೆಟ್ಟು ಹಾಕಬೇಕು. ಒಂದೋ ಕ್ರಯಪತ್ರಕ್ಕೆ, ಇಲ್ಲವೇ ಅದಕ್ಕೂ ಮೊದಲು ಹಕ್ಕು ಬಿಡುಗಡೆ ಪತ್ರಕ್ಕೆ. ಸಂಬಂಧ ಚೆನ್ನಾಗಿದ್ದರೆ ಒಂದು ಊಟ ಹಾಕಿ ಮುಗಿಸಬಹುದು. ಇಲ್ಲದಿದ್ದರೆ ಆ 4 ಲಕ್ಷದ ಪಾಲಿಗೆ ಎಷ್ಟು ಬೇಕಾದರೂ ಬೆಲೆ ಹೇಳಬಹುದು, ಯಾಕೆಂದರೆ ಆ ಸಹಿ ಇಲ್ಲದೆ 96 ಲಕ್ಷದ ವ್ಯವಹಾರ ನಿಲ್ಲುತ್ತದೆ. ಖಾತೆ ನನ್ನ ಹೆಸರಲ್ಲಿದೆಯಲ್ಲ ಅಂತ ಸುಧಾ ಹೇಳಬಹುದು. ಖಾತೆ ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎನ್ನುವ ಪುಸ್ತಕ. ಇ-ಖಾತಾ ಬಂದರೂ ಅದು ಬದಲಾಗಿಲ್ಲ. ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ ನಿಜ, ಆದರೆ ಖಾತೆ ಇದ್ದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ.

ಇಲ್ಲಿ ತಾಯಿಗೆ ಪಾಲು ಸಿಗುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮಗನನ್ನು ಕಳೆದುಕೊಂಡ ಮುದುಕಿಗೆ ಕಾನೂನು ಒಂದು ಆಸರೆ ಕೊಟ್ಟಿದೆ, ಅದು ಸರಿಯಾದದ್ದೇ. ತಾಯಿಗೆ ಕೊಡಬೇಕಾದ್ದನ್ನು ಬೇರೆ ರೀತಿಯಲ್ಲಿ ಕೊಡಿ, ಒಂದು ಎಫ್‌ಡಿ ಇಡಿ. ಮನೆಯ ಒಂದು ಸಣ್ಣ ಚೂರನ್ನು ಗೊತ್ತಿಲ್ಲದ ಹಾಗೆ ಕೊಟ್ಟರೆ ಆಕೆಗೂ ಉಪಯೋಗವಿಲ್ಲ, ಸೊಸೆಗೂ ನೆಮ್ಮದಿಯಿಲ್ಲ.

ಇದೆಲ್ಲ ಒಂದು ಕಾಗದದಲ್ಲಿ ತಪ್ಪುತ್ತಿತ್ತು. ಗಂಡ ತನ್ನ ಪಾಲನ್ನು ಹೆಂಡತಿಗೆ, ಹೆಂಡತಿ ತನ್ನ ಪಾಲನ್ನು ಗಂಡನಿಗೆ, ಬೇರೆ ಬೇರೆ ಎರಡು ವಿಲ್. ಒಂದೇ ಕಾಗದದಲ್ಲಿ ಇಬ್ಬರೂ ಬರೆಯಬೇಡಿ. ಆಮೇಲೆ ಒಬ್ಬರು ಬದಲಾಯಿಸಬಹುದಾ ಬೇಡವಾ ಎನ್ನುವ ಜಗಳಕ್ಕೆ ಅದೇ ದಾರಿ. "ನನಗಿಂತ ಮೊದಲು ನನ್ನ ಹೆಂಡತಿ ತೀರಿಕೊಂಡಿದ್ದರೆ ಈ ಪಾಲು ಇಬ್ಬರು ಮಕ್ಕಳಿಗೆ ಸಮನಾಗಿ" ಎನ್ನುವ ಸಾಲು ಮರೆಯಬೇಡಿ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರೂ ನಿಮ್ಮ ಎದುರಿಗೇ ಸಹಿ ಮಾಡಲಿ. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ, ಮುಂದೆ ಕೋರ್ಟಿಗೆ ಬಂದು ಹೇಳಬೇಕಾದವರು ಅವರೇ. ವಿಲ್ಲಿಗೆ ಸ್ಟಾಂಪ್ ಪೇಪರ್ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೆ ನಾನು ಮಾಡಿಸಿ ಅಂತಲೇ ಹೇಳುತ್ತೇನೆ. ಕರ್ನಾಟಕದಲ್ಲಿ ಹಿಂದೂಗಳ ವಿಲ್ಲಿಗೆ ಪ್ರೊಬೇಟ್, ಅಂದರೆ ವಿಲ್ ನಿಜವಾದದ್ದು ಅಂತ ಕೋರ್ಟಿನಿಂದ ಪ್ರಮಾಣಪತ್ರ ಪಡೆಯುವುದು, ಕಡ್ಡಾಯವಿಲ್ಲ, ಹಾಗಾಗಿ ಆಮೇಲಿನ ಕೆಲಸವೂ ಹಗುರ. ಇಷ್ಟು ಮಾಡಿದ್ದರೆ, ನೀವು ಸುಮ್ನೆ ನಂಬಿಕೊಂಡಿದ್ದ ಆ ಸರ್ವೈವರ್‌ಶಿಪ್ ನಿಜವಾಗಿಯೂ ಸಿಗುತ್ತದೆ.

ಈಗ ಎರಡನೇ ವಿಷಯ, ಮಕ್ಕಳ ಹೆಸರು ಸೇರಿಸುವುದು. ನನ್ನ ಅನುಭವದಲ್ಲಿ ಮೊದಲನೆಯದಕ್ಕಿಂತ ಇದರಲ್ಲೇ ಕಣ್ಣೀರು ಜಾಸ್ತಿ. "ವಿಲ್ಲು ಪಿಲ್ಲು ಯಾಕೆ, ಮಗನ ಹೆಸರು ಈಗಲೇ ಸೇರಿಸಿಬಿಟ್ಟರೆ ಆಮೇಲೆ ಓಡಾಟ ಇಲ್ಲ" ಅಂತ ಬರುತ್ತಾರೆ. ಹೆಸರು ಸೇರಿಸುವುದು ಎಂದರೆ ಒಂದು ಅರ್ಜಿ ಕೊಟ್ಟರೆ ಆಗುವ ಕೆಲಸ ಅಂತ ಅವರ ಎಣಿಕೆ. ಹಾಗೆ ಆಗುವುದಿಲ್ಲ. ಇರುವ ಮನೆಗೆ ಮಗನ ಹೆಸರು ಬರಬೇಕಾದರೆ ನೀವು ನಿಮ್ಮ ಪಾಲಿನ ಒಂದು ಭಾಗವನ್ನು ಅವನಿಗೆ ದಾನಪತ್ರ ಮಾಡಬೇಕು. ಅದು ನೋಂದಣಿಯಾಗಬೇಕು, ಇಬ್ಬರು ಸಾಕ್ಷಿ ಬೇಕು, ಮಗ ಒಪ್ಪಿಕೊಳ್ಳಬೇಕು. ಕರ್ನಾಟಕದಲ್ಲಿ ಮಕ್ಕಳಿಗೆ ಮಾಡುವ ದಾನಪತ್ರಕ್ಕೆ ಬೆಲೆಯ ಮೇಲೆ ಶೇಕಡಾವಾರು ಮುದ್ರಾಂಕ ಶುಲ್ಕ ಇಲ್ಲ, ಒಂದು ನಿಗದಿತ ಸಣ್ಣ ಮೊತ್ತ. ಈ ಅಗ್ಗವೇ ಎಷ್ಟೋ ಜನರನ್ನು ಹಳ್ಳಕ್ಕೆ ತಳ್ಳಿದೆ. ಯಾಕೆಂದರೆ ಆ ಮೊತ್ತ ಕಟ್ಟಿ ಹೊರಗೆ ಬರುವಾಗ ಆ ಪಾಲು ನಿಮ್ಮದಲ್ಲ. ವಿಲ್ಲನ್ನು ನಾಳೆ ಹರಿದು ಹಾಕಬಹುದು, ದಾನಪತ್ರವನ್ನು ನೀವೊಬ್ಬರೇ ಹೋಗಿ ರದ್ದು ಮಾಡಲಾಗುವುದಿಲ್ಲ.

"ಹಿರಿಯ ನಾಗರಿಕರ ಕಾಯ್ದೆ ಇದೆಯಲ್ಲ, ಎಸಿ ಕೋರ್ಟಿನಲ್ಲಿ ವಾಪಸ್ ಕೊಡಿಸ್ತಾರಂತೆ" ಎನ್ನುವ ಮಾತು ಕೇಳಿರುತ್ತೀರಿ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 2007ರ ಆ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕು ಎನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಆ ಪತ್ರವನ್ನು ರದ್ದು ಎಂದು ಘೋಷಿಸಬಹುದು. ಇಡೀ ಜಗಳ ನಿಂತಿರುವುದು ಆ ಷರತ್ತಿನ ಮೇಲೆ. 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಒಬ್ಬ ತಾಯಿ ಹೆಣ್ಣುಮಕ್ಕಳಿಗೆ ಹಕ್ಕು ಬಿಟ್ಟುಕೊಟ್ಟಿದ್ದರು. ಪತ್ರದಲ್ಲಿ ಷರತ್ತು ಇರಲಿಲ್ಲ, ಇತ್ತು ಅಂತ ಸಾಬೀತೂ ಆಗಲಿಲ್ಲ. ಸುಪ್ರೀಂ ಕೋರ್ಟು ರದ್ದು ಮಾಡಲು ಒಪ್ಪಲಿಲ್ಲ. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ತಾಯಿಯ ಪರ ತೀರ್ಪು ಬಂತು, ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಓದಬೇಕು ಅಂತ ಕೋರ್ಟು ಹೇಳಿತು. ಆದರೆ ಅಲ್ಲಿ ಮಗ ನೋಡಿಕೊಳ್ಳುತ್ತೇನೆಂದು ಬರೆದುಕೊಟ್ಟ ಕಾಗದ ತಾಯಿಯ ಕೈಯಲ್ಲಿತ್ತು. ಹಾಗಾಗಿ ದಾನಪತ್ರ ಮಾಡಲೇಬೇಕು ಅಂತಿದ್ದರೆ ಷರತ್ತನ್ನು ಪತ್ರದೊಳಗೇ ಬರೆಸಿ: ಊಟ, ಔಷಧ, ಇದೇ ಮನೆಯಲ್ಲಿ ಕೊನೆಯವರೆಗೂ ವಾಸ. "ಪ್ರೀತಿ ವಿಶ್ವಾಸದಿಂದ ದಾನ ಮಾಡಿರುತ್ತೇನೆ" ಎನ್ನುವ ಸಾಲು ಎಲ್ಲ ದಾನಪತ್ರದಲ್ಲೂ ಇರುತ್ತದೆ, ಅದೊಂದೇ ನಿಮ್ಮನ್ನು ಕಾಪಾಡುತ್ತದೆ ಅಂತ ನಂಬಬೇಡಿ.

ಮಗ ಕೆಟ್ಟವನಾದರೆ ಎನ್ನುವ ಭಯವನ್ನೇ ಎಲ್ಲರೂ ಮಾತಾಡುತ್ತಾರೆ. ನಾನು ಹೇಳುವುದು, ಮಗ ಬಂಗಾರದಂಥವನಾದರೂ ಆಗುವ ತೊಂದರೆಗಳ ಬಗ್ಗೆ.

ಅಪ್ಪ, ಅಮ್ಮ, ಮಗ ಮೂವರೂ ತಲಾ ಮೂರನೇ ಒಂದು ಪಾಲುದಾರರು ಅಂತ ಇಟ್ಟುಕೊಳ್ಳಿ. ಮಗನೇ ಮೊದಲು ತೀರಿಕೊಂಡ. ಹೇಳಲಿಕ್ಕೆ ಕಷ್ಟ, ಆದರೆ ಆಗುತ್ತದೆ. ಅವನ ಪಾಲು ಅವನ ಹೆಂಡತಿಗೆ, ಮಕ್ಕಳಿಗೆ, ತಾಯಿಗೆ. ಮನೆ ಕಟ್ಟಿ, ಆ ಪಾಲನ್ನು ದಾನ ಕೊಟ್ಟ ಅಪ್ಪನಿಗೆ ಒಂದು ಪೈಸೆಯೂ ವಾಪಸ್ ಬರುವುದಿಲ್ಲ. ಅವರು ಎರಡನೇ ದರ್ಜೆಯ ವಾರಸುದಾರರು, ಮೊದಲ ದರ್ಜೆಯಲ್ಲಿ ಒಬ್ಬರಿದ್ದರೂ ಅವರ ಸರದಿ ಬರುವುದಿಲ್ಲ. ಮಗನ ಮಗುವಿಗೆ ಆರು ವರ್ಷ ಅಂತಾದರೆ ಇನ್ನೊಂದು ಗಂಟು. ಅಪ್ರಾಪ್ತರ ಪಾಲನ್ನು ತಾಯಿ ತಾನೇ ಸಹಿ ಮಾಡಿ ಮಾರುವಂತಿಲ್ಲ, ಕೋರ್ಟಿನ ಅನುಮತಿ ಬೇಕು. ಮಾರುವುದರಿಂದ ಮಗುವಿಗೆ ಒಳ್ಳೆಯದು ಅಂತ ತೋರಿಸಬೇಕು, ಬಂದ ದುಡ್ಡು ಎಲ್ಲಿಡುತ್ತೀರಿ ಅಂತ ಹೇಳಬೇಕು. ಅಪ್ಪ-ಅಮ್ಮನಿಗೆ ಆಸ್ಪತ್ರೆ ಖರ್ಚಿಗೆ ತುರ್ತಾಗಿ ಮನೆ ಮಾರಬೇಕಾದರೆ ಈ ಅನುಮತಿಗೆ ಕಾಯಬೇಕು. ಇದೇ ಕಾರಣಕ್ಕೆ, ಪ್ರೀತಿಯಿಂದ ಎಂಟು ವರ್ಷದ ಮೊಮ್ಮಗಳ ಹೆಸರು ಸೇರಿಸಲು ಬರುವ ತಾತಂದಿರನ್ನು ನಾನು ಹಾಗೇ ವಾಪಸ್ ಕಳಿಸುತ್ತೇನೆ. ಮಗಳ ಹೆಸರು ಸೇರಿಸಿದ್ದಾಗ, ಅವಳು ಮಕ್ಕಳಿಲ್ಲದೆ ತೀರಿಕೊಂಡರೆ, ಆ ದಾನದ ಪಾಲು ಅಳಿಯನದ್ದು.

ಎರಡನೆಯದು ಸಾಲ. ಮಗ ವ್ಯಾಪಾರ ಮಾಡುತ್ತಾನೆ, ಗೆಳೆಯನ ಸಾಲಕ್ಕೆ ಜಾಮೀನು ನಿಂತಿದ್ದಾನೆ, ವ್ಯಾಪಾರ ಮುಳುಗಿತು. ಸಾಲ ಕೊಟ್ಟವರು ಡಿಕ್ರಿ ತಂದರೆ ಮಗನ ಪಾಲನ್ನು ಜಪ್ತಿ ಮಾಡಿಸಿ ಹರಾಜು ಹಾಕಿಸಬಹುದು. ಹರಾಜಿನಲ್ಲಿ ಕೊಂಡ ಹೊರಗಿನವರು ನೇರವಾಗಿ ಬಂದು ನಿಮ್ಮ ಹಾಲಿನಲ್ಲಿ ಕೂರುವಂತಿಲ್ಲ, ಕುಟುಂಬದ ವಾಸದ ಮನೆಗೆ ಅಷ್ಟು ರಕ್ಷಣೆ ಕಾನೂನಿನಲ್ಲಿದೆ. ಆದರೆ ಅವರು ಪಾಲಿಗಾಗಿ ದಾವೆ ಹಾಕಬಹುದು. ಆಗ ಅವರ ಪಾಲನ್ನು ಕೋರ್ಟು ನಿಗದಿ ಮಾಡಿದ ಬೆಲೆಗೆ ನೀವು ಕೊಂಡುಕೊಳ್ಳಬಹುದು. ನಿವೃತ್ತರಾದ ಮೇಲೆ ಅಷ್ಟು ದುಡ್ಡು ಎಲ್ಲಿಂದ ತರುವುದು? ಎರಡು ಬೆಡ್‌ರೂಮಿನ ಫ್ಲ್ಯಾಟನ್ನು ಮೂರು ಭಾಗ ಮಾಡಲಾಗುವುದಿಲ್ಲವಾದ್ದರಿಂದ ಕೊನೆಗೆ ಎಲ್ಲವೂ ಮಾರಾಟದ ಕಡೆಗೇ ತಿರುಗುತ್ತದೆ.

ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಮನೆ ಒಡೆಯುವಂಥದ್ದು. ಮಗ ಜೊತೆಯಲ್ಲಿದ್ದಾನೆ, ಓಡಾಡಲು ಅನುಕೂಲ ಅಂತ ಅವನ ಹೆಸರು ಸೇರಿಸುತ್ತಾರೆ. "ಅನುಕೂಲಕ್ಕೆ ಅಷ್ಟೇ, ಆಮೇಲೆ ಅಣ್ಣ-ತಂಗಿ ಅರ್ಧರ್ಧ ಮಾಡಿಕೊಳ್ತಾರೆ" ಅಂತಾರೆ. ಲೆಕ್ಕ ಹಾಕಿ ನೋಡೋಣ. 90 ಲಕ್ಷದ ಮನೆ, ಮೂವರಿಗೂ ತಲಾ 30. ಅಪ್ಪ ತೀರಿಕೊಂಡರು, ಅವರ 30 ಲಕ್ಷ ಅಮ್ಮ, ಮಗ, ಮಗಳಿಗೆ ತಲಾ 10. ಈಗ ಅಮ್ಮನದ್ದು 40. ಅಮ್ಮ ತೀರಿಕೊಂಡರು, ಆ 40 ಮಗ-ಮಗಳಿಗೆ ತಲಾ 20. ಕೂಡಿಸಿ. ಮಗನಿಗೆ 30, 10, 20, ಒಟ್ಟು 60. ಮಗಳಿಗೆ 10, 20, ಒಟ್ಟು 30. ಯಾರೂ ಮೋಸ ಮಾಡಲಿಲ್ಲ, ಅನುಕೂಲಕ್ಕೆ ಹಾಕಿದ ಹೆಸರೇ ಮಗಳ ಪಾಲನ್ನು ಅರ್ಧದಿಂದ ಮೂರನೇ ಒಂದಕ್ಕೆ ಇಳಿಸಿತು. ಅಪ್ಪನ ಮನಸ್ಸಿನಲ್ಲಿ ಏನಿತ್ತು ಅಂತ ಮಗಳಿಗೆ ಗೊತ್ತು, ಮಗನಿಗೂ ಗೊತ್ತು. ಪತ್ರಕ್ಕೆ ಗೊತ್ತಿಲ್ಲ. ಆ ಅಣ್ಣ ತಾನಾಗಿ 15 ಲಕ್ಷ ಬಿಟ್ಟುಕೊಟ್ಟರೆ ಸರಿ. ಅವನು ಕೊಡಬೇಕೆಂದರೂ ಮನೆಯಲ್ಲಿ ಅವನೊಬ್ಬನೇ ಇರುವುದಿಲ್ಲ, ಅಲ್ವಾ?

ಹೊಸ ಮನೆ ಕೊಳ್ಳುವಾಗಲೇ ಮಗನ ಹೆಸರು ಹಾಕಿಸುವವರೂ ಇದ್ದಾರೆ. ಪೂರ್ತಿ ದುಡ್ಡು ಅಪ್ಪನದ್ದೇ. ಗೊತ್ತಿರುವ ಮೂಲದ ದುಡ್ಡಾದರೆ ಹೆಂಡತಿ-ಮಕ್ಕಳ ಹೆಸರಲ್ಲಿ ಕೊಳ್ಳುವುದು ಬೇನಾಮಿ ಆಗುವುದಿಲ್ಲ, ಆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆದರೆ ಬೇನಾಮಿ ಅಲ್ಲ ಅಂದ ಮಾತ್ರಕ್ಕೆ, ಮಗನಿಗೆ ಪಾಲಿಲ್ಲ ಅಂತ ಆಮೇಲೆ ಸಾಬೀತು ಮಾಡುವುದು ಸುಲಭವಲ್ಲ. ದುಡ್ಡು ನನ್ನದು, ಅವನಿಗೆ ದಾನ ಮಾಡುವ ಉದ್ದೇಶ ಇರಲಿಲ್ಲ ಅಂತ ಹತ್ತು ವರ್ಷದ ಹಿಂದಿನ ಪಾಸ್‌ಬುಕ್ ಹಿಡಿದು ಮಗನ ವಿರುದ್ಧವೇ ಕೋರ್ಟಿನಲ್ಲಿ ನಿಲ್ಲಬೇಕು. ಇನ್ನು ಕೆಲವರು ಗೃಹಸಾಲಕ್ಕಾಗಿ ಹಾಕಿಸುತ್ತಾರೆ. ಅಪ್ಪನ ವಯಸ್ಸಿಗೆ ಸಾಲ ಸಿಗುವುದಿಲ್ಲ, ಮಗನ ಸಂಬಳ ಬೇಕು. ಇಲ್ಲಿ ಒಂದು ವಿಷಯ ತಿಳಿದಿರಲಿ. ಪತ್ರದಲ್ಲಿ ಹೆಸರಿರುವ ಎಲ್ಲರೂ ಸಾಲದ ಅರ್ಜಿಗೆ ಸಹಿ ಹಾಕಬೇಕು ಅಂತ ಬ್ಯಾಂಕುಗಳು ಸಾಮಾನ್ಯವಾಗಿ ಕೇಳುತ್ತವೆ. ಆದರೆ ಸಾಲದ ಅರ್ಜಿಗೆ ಸಹಿ ಹಾಕುವ ಮಗ ಪತ್ರದಲ್ಲಿ ಇರಲೇಬೇಕು ಅಂತೇನಿಲ್ಲ. ಮಾಲೀಕನಲ್ಲದಿದ್ದರೆ ಅವನಿಗೆ ಬಡ್ಡಿಯ ಮೇಲಿನ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದೊಂದು ನಷ್ಟ. ಮಗನೇ ಕಂತು ಕಟ್ಟುತ್ತಿದ್ದರೆ ಮಾತು ಬೇರೆ. ಆಗ ಅವನ ಹೆಸರು ಇರಬೇಕಾದ್ದು ನ್ಯಾಯ. ಎಷ್ಟು ಪಾಲು ಅಂತ ಕ್ರಯಪತ್ರದಲ್ಲೇ ಬರೆಸಿಬಿಡಿ, ಶೇಕಡಾ ಇಷ್ಟು ಅಂತ.

ತೆರಿಗೆ ಉಳಿಯುತ್ತದೆ ಅಂತ ಹೆಸರು ಸೇರಿಸುವವರಿಗೆ ಒಂದೇ ಮಾತು: ಇಲ್ಲಿ ಉಳಿಯುವಂಥದ್ದು ಏನೂ ಇಲ್ಲ. ಮಕ್ಕಳಿಗೆ ದಾನ ಕೊಟ್ಟರೂ ತೆರಿಗೆ ಇಲ್ಲ, ವಿಲ್ಲಿನಲ್ಲಿ ಬಂದರೂ ಇಲ್ಲ. ಮುಂದೆ ಅವರು ಮಾರಿದಾಗ ಎರಡರಲ್ಲೂ ನೀವು ಕೊಂಡ ಬೆಲೆಯಿಂದಲೇ ಲಾಭದ ಲೆಕ್ಕ. ಅಮೆರಿಕದಲ್ಲಿ ಇದು ಬೇರೆ. ಅಲ್ಲಿ ಸಾವಿನ ನಂತರ ಬಂದ ಮನೆಗೆ ಆ ದಿನದ ಬೆಲೆ ಹಿಡಿಯುತ್ತಾರೆ, ಬದುಕಿದ್ದಾಗ ದಾನ ಕೊಟ್ಟರೆ ಹಳೆಯ ಬೆಲೆ. ಹಾಗಾಗಿ ಅಲ್ಲಿ ತೆರಿಗೆ ಕಟ್ಟುವ ಮಗನ ಹೆಸರನ್ನು ಇಲ್ಲಿನ ಮನೆಗೆ ಸೇರಿಸುವ ಮೊದಲು ಅವನು ತನ್ನ ಅಕೌಂಟೆಂಟನ್ನು ಕೇಳಲಿ. ಹೊರದೇಶದ ಮಗ ಪಾಲುದಾರನಾದರೆ ಮಾರುವಾಗಲೂ ರಗಳೆ. ಅವನು ಬರಬೇಕು, ಇಲ್ಲವೇ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಮುಕ್ತ್ಯಾರ್‌ನಾಮೆ ಕಳಿಸಬೇಕು. ಅವನ ಪಾಲಿನ ಮೇಲೆ ಕೊಳ್ಳುವವರು ನಮ್ಮದಕ್ಕಿಂತ ಹೆಚ್ಚು ದರದಲ್ಲಿ ಟಿಡಿಎಸ್ ಹಿಡಿಯಬೇಕು. ಇದನ್ನು ಕೇಳಿದ ಕೂಡಲೇ ಬೇರೆ ಫ್ಲ್ಯಾಟ್ ನೋಡಿಕೊಳ್ಳುವ ಗಿರಾಕಿಗಳಿದ್ದಾರೆ.

ಈಗಾಗಲೇ ಹೆಸರು ಸೇರಿಸಿಬಿಟ್ಟಿದ್ದೇವೆ, ಏನು ಮಾಡುವುದು ಅಂತ ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. ಸಂಬಂಧ ಚೆನ್ನಾಗಿದ್ದರೆ ದಾರಿ ಇದೆ. ಮಗ ತನ್ನ ಪಾಲನ್ನು ಅಪ್ಪ-ಅಮ್ಮನಿಗೆ ಹಕ್ಕು ಬಿಡುಗಡೆ ಪತ್ರ ಮಾಡಿ ನೋಂದಣಿ ಮಾಡಿಸಬಹುದು. ಕುಟುಂಬದೊಳಗೆ ಆದ್ದರಿಂದ ಇದಕ್ಕೂ ಶುಲ್ಕ ಕಡಿಮೆ. ಮನೆಯ ಮೇಲೆ ಸಾಲ ಇದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಮಗನಿಗೆ ಬೇರೆ ಸಾಲಗಾರರ ಕಾಟ ಶುರುವಾದ ಮೇಲೆ ಇದನ್ನು ಮಾಡಿದರೆ, ಅವರಿಂದ ತಪ್ಪಿಸಲು ಮಾಡಿದ್ದು ಅಂತ ಪ್ರಶ್ನೆ ಬರುತ್ತದೆ, ಹಾಗಾಗಿ ಎಲ್ಲ ಸರಿ ಇರುವಾಗಲೇ ಮಾಡಿ. ಬಿಡುಗಡೆ ಪತ್ರ ಬೇಡ, ಹೆಸರು ಇರಲಿ ಎನ್ನುವುದಾದರೆ ವಿಲ್ ಬರೆಯಬೇಕಾದವರು ಇಬ್ಬರಲ್ಲ, ಮೂವರು. ಮಗ ತನ್ನ ಪಾಲು ಅಪ್ಪ-ಅಮ್ಮ ಬದುಕಿರುವವರೆಗೆ ಅವರಿಗೆ, ಆಮೇಲೆ ತನ್ನ ಹೆಂಡತಿ-ಮಕ್ಕಳಿಗೆ ಅಂತ ಬರೆಯಬೇಕು. ಮೂವತ್ತೈದು ವರ್ಷದ ಮಗನಿಗೆ ವಿಲ್ ಬರಿ ಅಂತ ಹೇಳಲು ಯಾವ ತಾಯಿಗೂ ಬಾಯಿ ಬರುವುದಿಲ್ಲ, ಗೊತ್ತು. ಮೂವರೂ ಒಂದೇ ದಿನ ಬನ್ನಿ, ಒಂದೇ ಮೇಜಿನಲ್ಲಿ ಮೂರು ಕಾಗದಕ್ಕೆ ಸಹಿ ಹಾಕಿಸುತ್ತೇನೆ. ಆಗ ಯಾರೊಬ್ಬರಿಗೂ ತಮ್ಮ ಸಾವಿನ ಬಗ್ಗೆ ಕೇಳಿದ ಹಾಗೆ ಅನ್ನಿಸುವುದಿಲ್ಲ. ಬರುವಾಗ ಮೂಲ ಕ್ರಯಪತ್ರ, ಇ-ಖಾತಾ, ಮೂವರ ಗುರುತಿನ ಚೀಟಿ, ಜೊತೆಗೆ ಸಾಕ್ಷಿ ಹಾಕಲು ಸಂಬಂಧಿಕರಲ್ಲದ ಇಬ್ಬರನ್ನು ಕರೆತನ್ನಿ.